ಕೆಳಗಿನ ಕೋಣೆಯನ್ನು ಬಾಡಿಗೆಗೆ ಕೊಡಬಹುದೇ?

ಮಾನ್ಯ ಸಂಪಾದಕರೇ,
ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನಮ್ಮದೊಂದು ಸ್ವಂತ ಮನೆ. ಮಲಗುವ ಕೋಣೆಗಳೆಲ್ಲ ಮೇಲೆ. ಕೆಳಗೆ ಬಚ್ಚಲಿರುವ ಒಂದು ಕೋಣೆ ಖಾಲಿ ಇದೆ, ಅದಕ್ಕೆ ಹೊರಗಿನಿಂದಲೂ ಬಾಗಿಲಿದೆ. ಒಬ್ಬರು ತಿಂಗಳಿಗೆ 12,000 ರೂಪಾಯಿ ಬಾಡಿಗೆಗೆ ಕೇಳುತ್ತಿದ್ದಾರೆ, ಇನ್ನೊಬ್ಬರು 4 ಲಕ್ಷ ಕೊಟ್ಟು ಎರಡು ವರ್ಷ ಭೋಗ್ಯಕ್ಕೆ ಬರುತ್ತೇನೆ ಎನ್ನುತ್ತಾರೆ. ಮಗಳ ಕಾಲೇಜಿನ ಖರ್ಚು ಎದುರಿಗಿದೆ. ತೀರ್ಥಹಳ್ಳಿಯ ಹತ್ತಿರ ತೋಟದ ಮನೆಯಲ್ಲಿರುವ ಮಾವನವರಿಗೆ 76, ಅತ್ತೆಯವರಿಗೆ 71. ‘ಕೈಕಾಲು ಆಡುವ ತನಕ ಬರುವುದಿಲ್ಲ’ ಎನ್ನುತ್ತಾರೆ. ಕೋಣೆ ಕೊಟ್ಟರೆ ನಾಳೆ ಅವರಿಗೆ ಜಾಗ ಇಲ್ಲದಂತಾದೀತೇ?
– ಒಬ್ಬ ಓದುಗಿ

ಪ್ರಿಯ ಓದುಗರೇ,

ಮೊದಲು ಭೋಗ್ಯದ ಮಾತನ್ನು ಮುಗಿಸಿಬಿಡೋಣ. ಅದು ಬೇಡ. ನಾಲ್ಕು ಲಕ್ಷವನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟರೆ, ಶೇಕಡ 7ರ ಬಡ್ಡಿ ಎಂದುಕೊಂಡರೂ ತಿಂಗಳಿಗೆ ಎರಡು ಸಾವಿರದ ಮುನ್ನೂರು ರೂಪಾಯಿ ಚಿಲ್ಲರೆ ಸಿಗುತ್ತದೆ, ಅಷ್ಟೆ. ಆದರೆ ಅದು ಬ್ಯಾಂಕಿನಲ್ಲಿ ಉಳಿಯುವುದಿಲ್ಲ, ಕಾಲೇಜಿನ ಶುಲ್ಕಕ್ಕೆ ಹೋಗುತ್ತದೆ. ಆಮೇಲೆ ಮಾವನವರನ್ನು ಕರೆತರಬೇಕಾದ ದಿನವೇ ನಾಲ್ಕು ಲಕ್ಷವನ್ನು ಹೊಂದಿಸಬೇಕು, ಕೈಗೆ ಹಣ ಬರುವ ತನಕ ಭೋಗ್ಯದಾರರು ಕದಲುವುದಿಲ್ಲ. ಕದಲಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಬಾಡಿಗೆಯ ಲೆಕ್ಕ ಬೇರೆ. ವರ್ಷಕ್ಕೆ 1,44,000 ಎಂದು ಮನಸ್ಸು ಹೇಳುತ್ತದೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಎಂದುಕೊಳ್ಳಿ, 1,32,000 ಉಳಿಯಿತು. ಆದಾಯ ತೆರಿಗೆಯಲ್ಲಿ ಬಾಡಿಗೆಯ ಶೇಕಡ 30ನ್ನು ರಿಪೇರಿ ಖರ್ಚೆಂದು ಬಿಟ್ಟುಕೊಡುತ್ತಾರೆ. ಮನೆ ಯಾರ ಹೆಸರಿನಲ್ಲಿದೆಯೋ ಅವರು ಶೇಕಡ 20ರ ಹಂತದಲ್ಲಿದ್ದರೆ ಉಳಿದದ್ದಕ್ಕೆ ಸುಮಾರು 19,000 ತೆರಿಗೆ. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ದರಕ್ಕಿಂತ ಹೆಚ್ಚು, ಅದಕ್ಕೊಂದಿಷ್ಟು. ಬಣ್ಣ, ನಲ್ಲಿ, ಸ್ವಿಚ್ಚು ಎಂದು ಎಂಟು ಸಾವಿರ. ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಎಂಟೂವರೆ ಸಾವಿರದ ಆಸುಪಾಸು. ಕೋಣೆಗೂ ಮನೆಗೂ ಒಂದೇ ವಿದ್ಯುತ್ ಮೀಟರ್ ಇದ್ದು ನೀವು ಗೃಹಜ್ಯೋತಿಯಲ್ಲಿದ್ದರೆ ಇನ್ನೂ ಒಂದು ಎಚ್ಚರ ಬೇಕು. ಬಾಡಿಗೆದಾರರ ಗೀಸರ್‌ನಿಂದಾಗಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮ ತಲೆಗೇ ಬರುತ್ತದೆ. ಬೇರೆ ಮೀಟರ್ ಹಾಕಿಸುವುದು ಒಳ್ಳೆಯದು.

ಎಂಟೂವರೆ ಸಾವಿರ ಬಿಡುವಂಥ ಹಣವಲ್ಲ. ಹಾಗಾಗಿ ಕೊಡಿ ಎಂದೇ ಹೇಳುತ್ತೇನೆ. ಆದರೆ ಒಂದು ಷರತ್ತಿದೆ, ಅದು ನಿಮ್ಮ ಪತ್ರದಲ್ಲಿಲ್ಲದ ಸಂಗತಿಯೊಂದನ್ನು ಅವಲಂಬಿಸಿದೆ. ಆ ಕೋಣೆಯ ಬಚ್ಚಲನ್ನು ಬಿಟ್ಟರೆ ಕೆಳಗೆ ಇನ್ನೊಂದು ಶೌಚಾಲಯ ಇದೆಯೇ?

ಏಕೆ ಕೇಳುತ್ತೇನೆಂದರೆ, ‘ಮುಂದೆ ಎಂದಾದರೂ ಬರುತ್ತಾರೆ’ ಎಂದು ನಾವು ಅಂದುಕೊಂಡಿರುತ್ತೇವೆ, ಹಿರಿಯರು ಹಾಗೆ ದಿನ ನೋಡಿ ಬರುವುದು ಕಡಿಮೆ. ಅಂಗಳದ ಪಾಚಿಯಲ್ಲಿ ಒಮ್ಮೆ ಜಾರುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಶಸ್ತ್ರಚಿಕಿತ್ಸೆಯಾಗುತ್ತದೆ, ವಾರ ಹತ್ತು ದಿನದಲ್ಲಿ ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಬಾಡಿಗೆದಾರರಿಗೆ ನೀವು ಕೊಟ್ಟಿರುವ ಅವಧಿ ಒಂದು ತಿಂಗಳು. ಈ ಇಪ್ಪತ್ತು ದಿನಗಳ ಅಂತರವೇ ನಿಜವಾದ ತೊಡಕು. ನನ್ನ ತಂದೆಯ ವಿಷಯದಲ್ಲಿ ಹೀಗೇ ಆಯಿತು. ನಮ್ಮ ಬಾಡಿಗೆದಾರ ಸಜ್ಜನ, ಮಾತಿಗೆ ತಪ್ಪಲಿಲ್ಲ, ಆದರೂ ಬೇರೆ ಮನೆ ಹುಡುಕಲು ಅವನಿಗೆ ಇಪ್ಪತ್ತಮೂರು ದಿನ ಹಿಡಿಯಿತು. ಅಷ್ಟು ದಿನವೂ ಅಪ್ಪ ನಡುಮನೆಯ ದಿವಾನದ ಮೇಲೆ, ಬಂದುಹೋಗುವವರ ಕಣ್ಣೆದುರಿಗೆ ಮಲಗಿದರು. ಅದನ್ನು ಸಹಿಸಲು ಸಾಧ್ಯವಾದದ್ದು ಮೆಟ್ಟಿಲ ಕೆಳಗೆ ಒಂದು ಪುಟ್ಟ ಶೌಚಾಲಯ ಇದ್ದದ್ದರಿಂದ. ನಿಮ್ಮ ನೆಲಮಹಡಿಯಲ್ಲಿ ಅಂಥದ್ದು ಇದ್ದರೆ ಕೋಣೆಯನ್ನು ಕೊಡಿ. ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿಸಿ. ಎರಡೂ ಆಗದೆಂದರೆ ಕೊಡಬೇಡಿ. ಮೇಲಿನ ಮಹಡಿಯ ಒಂದು ಕೋಣೆಯನ್ನೇ ಕೊಟ್ಟು ನಿಮ್ಮಲ್ಲೊಬ್ಬರು ಕೆಳಗೆ ಬನ್ನಿ. ಮನೆಯವರು ಒಂದೇ ರಾತ್ರಿಯಲ್ಲಿ ಜಾಗ ಬದಲಿಸಬಲ್ಲರು.

ಇನ್ನು ಕಾಗದ. ಹನ್ನೊಂದು ತಿಂಗಳಿಗೆ ಬರೆಸುವುದು ವಾಡಿಕೆ, ಏಕೆಂದರೆ ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆದರೆ ಹನ್ನೊಂದು ತಿಂಗಳು ಎಂದು ಬರೆದ ಮಾತ್ರಕ್ಕೆ ನಡುವೆ ಬಿಡಿಸಿಕೊಳ್ಳುವ ಹಕ್ಕು ಬರುವುದಿಲ್ಲ. ಸ್ಟಾಂಪ್ ಪೇಪರಿನ ಅಂಗಡಿಯ ಸಿದ್ಧ ನಮೂನೆಯಲ್ಲಿ ಎಷ್ಟೋ ಸಲ ಎರಡು ಮೂರು ತಿಂಗಳ ಮುಂಗಡ ಸೂಚನೆ ಎಂದಿರುತ್ತದೆ. ಅದನ್ನು ಒಂದು ತಿಂಗಳೆಂದು ತಿದ್ದಿಸಿ, ‘ಮಾಲೀಕರ ತಂದೆತಾಯಿಯರ ವಾಸಕ್ಕೆ ಕೋಣೆ ಬೇಕಾದಲ್ಲಿ’ ಎಂಬ ಕಾರಣವನ್ನೂ ಸೇರಿಸಿ. ಬಾಡಿಗೆ ಕರಾರಿನ ಬದಲು, ಬಾಡಿಗೆದಾರನ ಹಕ್ಕು ಕೊಡದೆ ಇರಲು ಅನುಮತಿ ಮಾತ್ರ ಕೊಡುವ ‘ಲೀವ್ ಅಂಡ್ ಲೈಸೆನ್ಸ್’ ಎಂದು ಬರೆಸಲು ಕೆಲವರು ಹೇಳುತ್ತಾರೆ. ಕಾಗದದ ತಲೆಬರಹವೊಂದೇ ಸಾಲದು, ಕೋಣೆಯ ಪೂರ್ಣ ಸ್ವಾಧೀನ ಯಾರ ಕೈಯಲ್ಲಿತ್ತು ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. 1959ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಹೊರಬಾಗಿಲು, ಬೇರೆ ಬೀಗ ಇರುವ ನಿಮ್ಮ ಕೋಣೆಗೆ ಆ ಹೆಸರು ಅಷ್ಟು ಸುಲಭವಾಗಿ ಅಂಟುವುದಿಲ್ಲ. ಮುಂಗಡವನ್ನು ಎರಡು ತಿಂಗಳಿಗಿಂತ ಹೆಚ್ಚು ಪಡೆಯಬೇಡಿ, ಪಡೆದದ್ದನ್ನು ಬೇರೆ ಖಾತೆಯಲ್ಲಿಡಿ. ಸೂಚನೆ ಕೊಟ್ಟ ದಿನವೇ ‘ಮುಂಗಡ ಸಿದ್ಧವಿದೆ’ ಎಂದು ಹೇಳಬಲ್ಲ ಮಾಲೀಕರ ಮನೆ ಬೇಗ ಖಾಲಿಯಾಗುತ್ತದೆ.

ಬಾಡಿಗೆದಾರರು ಬರುವ ಮೊದಲೇ ಬಚ್ಚಲಿನ ಕೆಲಸ ಮುಗಿಸಿ. ಕೋಣೆಯನ್ನು ಖಾಲಿ ಇಟ್ಟವರು ಹೆಚ್ಚಾಗಿ ಅದನ್ನು ಖಾಲಿ ಮಾತ್ರ ಇಟ್ಟಿರುತ್ತಾರೆ, ಸಿದ್ಧ ಮಾಡಿರುವುದಿಲ್ಲ. ಒಳಗಡೆಗೆ ತೆರೆಯುವ ಬಾಗಿಲಿದ್ದರೆ ಹೊರಗಡೆಗೆ ತೆರೆಯುವಂತೆ ಮಾಡಿಸಿ. ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಬಾಗಿಲನ್ನು ತಳ್ಳಲಾಗದು. ಚಿಲಕ ಹೊರಗಿನಿಂದಲೂ ತೆರೆಯುವಂಥದ್ದಿರಲಿ. ಗಾಲಿಕುರ್ಚಿ ಸಲೀಸಾಗಿ ಹಾಯಲು 32 ಇಂಚು ತೆರಪು ಬೇಕು, ನಮ್ಮ ಎಷ್ಟೋ ಬಚ್ಚಲುಗಳ ಬಾಗಿಲು ಎರಡೂವರೆ ಅಡಿಯನ್ನೂ ಮೀರುವುದಿಲ್ಲ. ಹಿಡಿಕೆಯ ಸರಳನ್ನು ಇಟ್ಟಿಗೆಗೆ ಬೋಲ್ಟ್ ಹೊಡೆಸಿ ಕೂರಿಸಬೇಕು. ಟೈಲಿಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆ ಬೀಳುವವರ ಭಾರಕ್ಕೆ ಕಿತ್ತು ಬರುತ್ತದೆ. ಇದಕ್ಕೆಲ್ಲ ಅರವತ್ತು ಸಾವಿರವಾದರೂ ಏಳು ತಿಂಗಳ ಬಾಡಿಗೆಯಲ್ಲಿ ತೀರುತ್ತದೆ.

ಕರಾರನ್ನು ಎಂದು ನವೀಕರಿಸಬಾರದು ಎಂಬುದನ್ನು ಊರಿಗೆ ಹೋದಾಗ ನೀವೇ ಕಂಡುಕೊಳ್ಳಬಹುದು. ಅತ್ತೆಯವರನ್ನೂ ಮಾವನವರನ್ನೂ ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ. ವೈದ್ಯರೂ ಮಾಡಿಸುವ ಪರೀಕ್ಷೆ ಇದು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯುತ್ತಾರೆ. ಆ ವರ್ಷ ಹೊಸ ಕರಾರು ಬೇಡ, ಬಾಡಿಗೆ ಹೋದರೆ ಹೋಗಲಿ.

ಕೊನೆಯದಾಗಿ, ಈ ಏರ್ಪಾಡನ್ನು ಅವರಿಬ್ಬರಿಗೂ ನಿಮ್ಮ ಯಜಮಾನರೇ ಮೊದಲು ಹೇಳಲಿ. ಯುಗಾದಿಗೆಂದು ಬಂದವರು ಆ ಬಾಗಿಲಲ್ಲಿ ಅಪರಿಚಿತರ ಚಪ್ಪಲಿ ಕಂಡರೆ ಏನನ್ನೂ ಕೇಳುವುದಿಲ್ಲ, ಮರುದಿನದ ಬಸ್ಸಿಗೆ ಹೊರಡುತ್ತೇವೆ ಎನ್ನುತ್ತಾರೆ. ಬಚ್ಚಲಿನ ಕೆಲಸ ನಡೆಯುವಾಗ ಒಮ್ಮೆ ಕರೆಸಿಕೊಳ್ಳಿ. ಕಮೋಡಿನ ಎತ್ತರ, ಸರಳಿನ ಜಾಗ ಇವನ್ನು ಮೇಸ್ತ್ರಿಗೆ ಅತ್ತೆಯವರೇ ತೋರಿಸಲಿ.

– ಸಂಪಾದಕ