ಮರೆವೋ, ಖಿನ್ನತೆಯೋ: ಎಆರ್‌ಟಿ ಕೇಂದ್ರದಲ್ಲಿ ಮೊದಲು ಯಾವುದನ್ನು ನೋಡಬೇಕು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯಲ್ಲಿ ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಶಾಲೆಯ ಮೆಟ್ಟಿಲು ಹತ್ತದ 46 ವರ್ಷದ ಕೃಷಿ ಕಾರ್ಮಿಕರೊಬ್ಬರು ನಾಲ್ಕೈದು ತಿಂಗಳಿಂದ ಮಾತ್ರೆ ತಪ್ಪಿಸುತ್ತಿದ್ದಾರೆ. ಕೇಳಿದರೆ 'ನೆನಪೇ ಇರಂಗಿಲ್ರೀ ಮೇಡಂ' ಎನ್ನುತ್ತಾರೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 13 ಅಂಕ ಬಂದಿದೆ: ಆಸಕ್ತಿ, ಬೇಸರ, ತಾನು ಯಾರಿಗೂ ಬೇಡವೆಂಬ ಭಾವನೆ, ನಿದ್ದೆ, ಸುಸ್ತು ತಲಾ 2, ಹಸಿವು, ಏಕಾಗ್ರತೆ, ನಿಧಾನಗತಿ ತಲಾ 1, ಆತ್ಮಹತ್ಯೆಯ ಪ್ರಶ್ನೆಗೆ 0. ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಶಿಯಾ ಮಾಪಕದಲ್ಲಿ 7.5. ಇದು ವೈರಾಣು ಮಿದುಳಿಗೆ ಮಾಡಿದ ಹಾನಿಯೇ?

ಉತ್ತರ: ಈ ಎರಡು ಅಂಕಗಳಿಂದ ಹಾಗೆಂದು ತೀರ್ಮಾನಿಸಲಾಗದು. ಖಿನ್ನತೆಯೇ ಮನುಷ್ಯನನ್ನು ನಿಧಾನಗೊಳಿಸುತ್ತದೆ, ಗಮನವನ್ನು ಚದುರಿಸುತ್ತದೆ. ಆದ್ದರಿಂದ ಖಿನ್ನತೆ ಇರುವಾಗ ಮಾಡಿದ ನೆನಪಿನ ಪರೀಕ್ಷೆಯಲ್ಲಿ ಅಂಕ ತಗ್ಗುವುದು ಸಹಜ. ಮೊದಲು ಖಿನ್ನತೆಗೆ ಚಿಕಿತ್ಸೆ, ಅದು ಇಳಿದ ಮೇಲೆ ಅರಿವಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಸರಿಯಾದ ಕ್ರಮ. ಆದರೆ ಲಕ್ಷಣಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಕಾಣಿಸಿಕೊಂಡಿದ್ದರೆ, ಜ್ವರ, ತಲೆನೋವು, ಫಿಟ್ಸ್ ಅಥವಾ ಒಂದು ಬದಿಯ ದೌರ್ಬಲ್ಯ ಜೊತೆಗಿದ್ದರೆ, ಈ ಪ್ರಶ್ನಾವಳಿಗಳನ್ನು ಬದಿಗಿಟ್ಟು ಅಂದೇ ಕ್ಷಯದ ಮೆನಿಂಜೈಟಿಸ್, ಕ್ರಿಪ್ಟೊಕಾಕಸ್, ಟಾಕ್ಸೊಪ್ಲಾಸ್ಮಾ ಸೋಂಕುಗಳನ್ನು ಶಂಕಿಸಿ ಆಸ್ಪತ್ರೆಗೆ ದಾಖಲಿಸಬೇಕು.

ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರು ಕೂಲಂಕಷವಾಗಿ ವಿಚಾರಿಸಬೇಕು. ನಿದ್ದೆ, ಸುಸ್ತು, ಹಸಿವು ಎಚ್‌ಐವಿಯಿಂದಲೂ ರಕ್ತಹೀನತೆಯಿಂದಲೂ ಔಷಧಗಳಿಂದಲೂ ಕೆಡುತ್ತವೆ ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿಯೇ ಒಟ್ಟು ಅಂಕ ಎಲ್ಲಿಂದ ಬಂದಿದೆ ಎಂದು ನೋಡಬೇಕು. ನಿಮ್ಮ ರೋಗಿಯ 13ರಲ್ಲಿ 6 ಅಂಕ ಬೇಸರ, ನಿರಾಸಕ್ತಿ, ತನ್ನ ಬಗೆಗಿನ ಹೀನಭಾವನೆಯಿಂದ ಬಂದಿವೆ. ಇವು ದೇಹದ ಕಾಯಿಲೆಯಿಂದಷ್ಟೇ ಬರುವಂಥವಲ್ಲ, ಹಾಗಾಗಿ ಈ ಅಂಕವನ್ನು ನಾನು ನಂಬುತ್ತೇನೆ. ಪ್ರಶ್ನೆಯನ್ನು ಪುಸ್ತಕದ ಭಾಷೆಯಲ್ಲಿ ಓದಿದರೆ ನಮ್ಮ ಭಾಗದ ಜನ 'ಹಂಗೇನಿಲ್ರೀ' ಎಂದುಬಿಡುತ್ತಾರೆ. 'ಏನೂ ಬ್ಯಾಡ ಅನಸ್ತದೇನು, ಜೀವ ಸಾಕಾಗ್ಯಾದೇನು' ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಒಂಬತ್ತನೆಯ ಪ್ರಶ್ನೆಗೆ ಮುಂದೆ ಎಂದಾದರೂ 1 ಬಂದರೂ ಯೋಜನೆ ಇದೆಯೇ, ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಎಲ್ಲಿದೆ ಎಂದು ನೇರವಾಗಿ ಕೇಳಿ, ಒಬ್ಬರೇ ಹೋಗಲು ಬಿಡದೆ ಮನೋವೈದ್ಯರಿಗೆ ತಲುಪಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಅವರ ಬಳಿ ಇರಲಿ, ಆದರೆ ಅದು ಈ ಭೇಟಿಗೆ ಬದಲಿಯಲ್ಲ.

ಇನ್ನು ಡಿಮೆನ್ಶಿಯಾ ಮಾಪಕದ 7.5ರ ವಿಚಾರ. ಈ ಮಾಪಕದಲ್ಲಿ ಮೂರು ಕೆಲಸಗಳಿದ್ದು, ಪ್ರತಿಯೊಂದಕ್ಕೆ 4 ಅಂಕ. ಒಟ್ಟು 12ರಲ್ಲಿ 10 ಅಥವಾ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು. ಓದು ಬರಹ ಬೇಡದ ಕಾರಣ ಇದು ನಿಮ್ಮ ರೋಗಿಗೆ ಗಡಿಯಾರ ಬಿಡಿಸುವ, ವಾಕ್ಯ ಬರೆಯುವ ಪರೀಕ್ಷೆಗಳಿಗಿಂತ ಹೊಂದುತ್ತದೆ. ಬಳಸದ ಕೈಯ ಹೆಬ್ಬೆರಳಿಗೆ ತೋರುಬೆರಳನ್ನು 5 ಸೆಕೆಂಡಿನಲ್ಲಿ ಎಷ್ಟು ಬಾರಿ ತಟ್ಟುತ್ತಾರೆ ಎಂದು ಎಣಿಸುವಾಗ 15 ಬಂದರೆ 4 ಅಂಕ, 11ರಿಂದ 14ಕ್ಕೆ 3, 7ರಿಂದ 10ಕ್ಕೆ 2. ದುಡಿದು ಗಟ್ಟಿಯಾದ, ಗಾಯದಿಂದ ಸೆಟೆದ ಬೆರಳು ಇಲ್ಲಿ ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತದೆ. ಕೈಯನ್ನು ನೋಡಿ ದಾಖಲಿಸಿ. ಎರಡನೆಯದು ಮುಷ್ಟಿ, ಅಂಗೈ, ಅಡ್ಡಕೈ ಎಂಬ ಸರಣಿಯನ್ನು 10 ಸೆಕೆಂಡಿನಲ್ಲಿ ನಾಲ್ಕು ಬಾರಿ ಮಾಡುವುದು. ಆರಂಭದಲ್ಲೇ ಹೇಳಿಕೊಟ್ಟ ನಾಲ್ಕು ಪದಗಳನ್ನು ಸುಮಾರು 2 ನಿಮಿಷದ ನಂತರ ನೆನಪಿಸಿಕೊಳ್ಳುವುದು ಮೂರನೆಯದು. ತಾವಾಗಿ ಹೇಳಿದ ಪದಕ್ಕೆ 1, ಸುಳಿವು ಕೊಟ್ಟ ಮೇಲೆ ಹೇಳಿದರೆ 0.5. ನಾಯಿ, ಟೊಪಗಿ, ತೊಗರಿ, ಕೆಂಪು ಎಂಬಂಥ ಪರಿಚಿತ ಪದಗಳು ಸಾಕು. ಲಂಬಾಣಿ ಅಥವಾ ಉರ್ದು ಮನೆಮಾತಿನವರಿಗೆ ಅವರ ಭಾಷೆಯಲ್ಲೇ ಹೇಳಬೇಕು. ಈ ಮಾಪಕ ಸೌಮ್ಯ ತೊಂದರೆಯನ್ನು ಹಲವು ಸಲ ಗುರುತಿಸದೆ ಬಿಟ್ಟುಬಿಡುತ್ತದೆ ಎಂಬುದೂ ಗಮನದಲ್ಲಿರಲಿ. ಹಾಗಾಗಿ ಮನೆಯವರನ್ನು ರೋಗಿಯ ಒಪ್ಪಿಗೆಯಿಂದ ಮಾತ್ರ ಕರೆದು, ಕೂಲಿ ಲೆಕ್ಕ, ರೇಷನ್, ಬಸ್ ಪ್ರಯಾಣ ಮೊದಲಿನಂತೆ ನಡೆಯುತ್ತಿವೆಯೇ ಎಂದು ಕೇಳಿ.

ಈಗ ವೈದ್ಯರು ಮಾಡಬೇಕಾದದ್ದು: ವೈರಲ್ ಲೋಡ್, ಸಿಡಿ4, ಹಿಮೋಗ್ಲೋಬಿನ್, ವಿಟಮಿನ್ ಬಿ12, ಥೈರಾಯ್ಡ್ ಹಾಗೂ ಸಿಫಿಲಿಸ್ ಪರೀಕ್ಷೆ, ಕುಡಿತದ ವಿವರ. ರೋಗಿ ಇನ್ನೂ ಎಫಾವಿರೆಂಜ್ ಎಂಬ ಎಚ್‌ಐವಿ ಔಷಧ ಇರುವ ಸಂಯೋಜನೆಯಲ್ಲಿದ್ದರೆ ಅದೇ ಕಾರಣವಿರಬಹುದು, ಬದಲಾವಣೆಯನ್ನು ಪರಿಗಣಿಸಿ. ಇನ್ನೊಂದು ಎಚ್‌ಐವಿ ಔಷಧ ಡೊಲುಟೆಗ್ರಾವಿರ್‌ನಿಂದ ನಿದ್ದೆ ಕೆಟ್ಟಿದ್ದರೆ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವಂತೆ ಹೇಳಿದರೆ ಎಷ್ಟೋ ಸಲ ಸಾಕಾಗುತ್ತದೆ. ಹಿಂದೆ ಉನ್ಮಾದದ ಅವಧಿ ಇತ್ತೇ ಎಂದು ವಿಚಾರಿಸಿ, ಇಲ್ಲದಿದ್ದರೆ ಖಿನ್ನತೆಯ ಔಷಧ ಸರ್ಟ್ರಾಲಿನ್ 25 ಮಿ.ಗ್ರಾಂ.ನಿಂದ ಆರಂಭಿಸಿ ಒಂದು ವಾರದ ನಂತರ 50ಕ್ಕೆ ಏರಿಸಬಹುದು. ಡೊಲುಟೆಗ್ರಾವಿರ್ ಜೊತೆ ಇದು ತೊಡಕು ಮಾಡುವುದಿಲ್ಲ. ನಿದ್ದೆಗೆಂದು ಅಮಿಟ್ರಿಪ್ಟಿಲಿನ್ ಬರೆಯುವ ರೂಢಿ ಇಲ್ಲಿ ಬೇಡ, ಅದು ನೆನಪನ್ನೇ ಮಂಕು ಮಾಡುತ್ತದೆ.

ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿಯಲ್ಲಿ ಇಂಥ ರೋಗಿ ಕಣ್ಣಿಗೆ ಬೀಳುವುದೇ ಇಲ್ಲ. ಇವರನ್ನು ಎರಡು ವಾರಕ್ಕೂ ನಂತರ ತಿಂಗಳಿಗೂ ಕರೆಸಿ. ಎಂಟರಿಂದ ಹನ್ನೆರಡು ವಾರದಲ್ಲಿ ಪಿಎಚ್‌ಕ್ಯೂ-9 ಐದರ ಆಸುಪಾಸಿಗೆ ಇಳಿದು, ಡಿಮೆನ್ಶಿಯಾ ಮಾಪಕ 10.5 ದಾಟಿದರೆ ಮರೆವಿನ ಬಹುಪಾಲು ಖಿನ್ನತೆಯದಾಗಿತ್ತೆಂದು ತಿಳಿಯಬಹುದು. ಬೇಸರ ಹೋದರೂ ಅಂಕ 8ರಲ್ಲೇ ನಿಂತು, ಕೂಲಿ ಲೆಕ್ಕ ಇನ್ನೂ ತಪ್ಪುತ್ತಿದ್ದರೆ, ವೈರಲ್ ಲೋಡ್ ವರದಿಯ ಜೊತೆ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಮಿದುಳಿನ ಎಂಆರ್‌ಐ ಮತ್ತು ನರರೋಗ ತಜ್ಞರ ಅಭಿಪ್ರಾಯಕ್ಕಾಗಿ ಕಳಿಸಿ.