ಸ್ಲೈಡ್ ಶೀರ್ಷಿಕೆ ಮತ್ತು ಸ್ಪೀಕರ್ ನೋಟ್ಸ್‌ನಿಂದ ಬ್ಲಾಗ್ ಪೋಸ್ಟ್ ಮಾಡುವುದು ಹೇಗೆ?

ಪ್ರಶ್ನೆ: ಒಂದು ಕಾನ್ಫರೆನ್ಸ್‌ನಲ್ಲಿ 20 ನಿಮಿಷ ಮಾತಾಡಿದೆ. ರೆಕಾರ್ಡಿಂಗ್ ಇಲ್ಲ. ಬರಲಾಗದವರು ಬ್ಲಾಗ್ ಪೋಸ್ಟ್ ಬರೀರಿ ಅಂತಿದ್ದಾರೆ. ನನ್ನ ಹತ್ತಿರ ಇರೋದು ಸ್ಲೈಡ್‌ಗಳು, ಅವುಗಳ ಕೆಳಗಿನ ನೋಟ್ಸ್ ಅಷ್ಟೇ. ಅದನ್ನೇ ಒಂದರ ಕೆಳಗೊಂದು ಅಂಟಿಸಿದರೆ ಓದೋಕೆ ವಿಚಿತ್ರವಾಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ವಿಚಿತ್ರವಾಗಿ ಕಾಣೋದಕ್ಕೆ ಕಾರಣ ಇದೆ. ನೋಟ್ಸ್ ಬರೆದಿದ್ದು ಓದುಗರಿಗಲ್ಲ, ವೇದಿಕೆ ಮೇಲೆ ನಿಂತ ನಿಮಗೆ. ಅರ್ಧ ವಿಷಯ ಪರದೆ ಮೇಲಿತ್ತು, ಇನ್ನರ್ಧ ನಿಮ್ಮ ಬಾಯಲ್ಲಿತ್ತು. ನೋಟ್ಸ್‌ನಲ್ಲಿ ಇರೋದು ಇವೆರಡರ ನಡುವಿನ ನೆನಪೋಲೆ ಮಾತ್ರ.

ಮೊದಲು ಶೀರ್ಷಿಕೆ ಮತ್ತು ನೋಟ್ಸ್ ಎರಡನ್ನೂ ಒಂದೇ ಫೈಲಿಗೆ ತನ್ನಿ. ಸ್ಲೈಡ್ ಕಡಿಮೆ ಇದ್ದರೆ ಕೈಯಲ್ಲೇ ಕಾಪಿ ಮಾಡಿ. ಜಾಸ್ತಿ ಇದ್ದು ಪೈಥಾನ್ ಗೊತ್ತಿದ್ದರೆ `python-pptx` ಹಾಕಿಕೊಂಡು ಇಷ್ಟು ಸಾಕು (ಗೂಗಲ್ ಸ್ಲೈಡ್ಸ್ ಆದರೆ ಮೊದಲು `.pptx` ಆಗಿ ಡೌನ್‌ಲೋಡ್ ಮಾಡಿಕೊಳ್ಳಿ):

```python
from pptx import Presentation

for s in Presentation("talk.pptx").slides:
    t = s.shapes.title
    print("##", t.text if t is not None and t.text.strip() else "---")
    if s.has_notes_slide:
        print(s.notes_slide.notes_text_frame.text)
```

ಕೆಲವು ಕಡೆ ಶೀರ್ಷಿಕೆ ಬದಲು `---` ಬಂದರೆ ಗಾಬರಿ ಬೇಡ. ಅಲ್ಲಿ ನೀವು ಶೀರ್ಷಿಕೆಯ ಜಾಗ ಬಿಟ್ಟು ಬೇರೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬರೆದಿರುತ್ತೀರಿ, ಇಲ್ಲವೇ ಶೀರ್ಷಿಕೆಯನ್ನೇ ಹಾಕಿರೋದಿಲ್ಲ, ಅಷ್ಟೇ.

ಈಗ ನಿಜವಾದ ಕೆಲಸ. ಒಂದು ಉದಾಹರಣೆ ಹಿಡಿದೇ ಹೇಳ್ತೀನಿ, ಇಲ್ಲದಿದ್ದರೆ ಬರೀ ಉಪದೇಶ ಆಗುತ್ತೆ. ಸೋತ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸೋದರಿಂದ, ಅಂದರೆ ರೀಟ್ರೈನಿಂದ, ಸರ್ವರ್ ಹೇಗೆ ಬೀಳುತ್ತೆ ಅಂತ ನಿಮ್ಮ ಭಾಷಣ ಅಂದುಕೊಳ್ಳಿ. ಶೀರ್ಷಿಕೆಗಳು ಹೀಗಿವೆ: "ನಾನು ಯಾರು", "ಒಂದು ಸಣ್ಣ ಕತೆ", "ಮೂರು ಪದರ", "ಬ್ಯಾಕ್‌ಆಫ್", "ಜಿಟರ್", "ಪ್ರಶ್ನೆಗಳು?". ಇವುಗಳಲ್ಲಿ ಒಂದೂ ಏನನ್ನೂ ಹೇಳೋದಿಲ್ಲ, ನೋಡಿದಿರಾ? ಬರೀ ಹಣೆಪಟ್ಟಿಗಳು. ಎದುರಿಗೆ ನೀವು ನಿಂತಿದ್ದಾಗ ಅದು ತಪ್ಪಲ್ಲ, ಹೇಳೋಕೆ ನೀವಿದ್ದೀರಲ್ಲ. ಪೋಸ್ಟ್‌ನಲ್ಲಿ ನೀವಿರೋದಿಲ್ಲ. ಹಾಗಾಗಿ ಪ್ರತಿ ಶೀರ್ಷಿಕೆ ಎದುರು "ಈ ಸ್ಲೈಡ್ ನೋಡಿದವರು ಏನನ್ನು ನಂಬಬೇಕಿತ್ತು?" ಅಂತ ಕೇಳಿಕೊಂಡು ಒಂದು ಪೂರ್ತಿ ವಾಕ್ಯ ಬರೆಯಿರಿ. "ಮೂರು ಪದರ" ಅನ್ನೋದು "ಪ್ರತಿ ಪದರದಲ್ಲೂ ರೀಟ್ರೈ ಇಟ್ಟರೆ ಒಂದು ಕ್ಲಿಕ್ 27 ಕೋರಿಕೆ ಆಗುತ್ತದೆ" ಅಂತಾಗುತ್ತೆ. ವಾಕ್ಯವೇ ಹುಟ್ಟದ ಸ್ಲೈಡ್‌ಗಳನ್ನು, ಅಂದರೆ "ನಾನು ಯಾರು" ಥರದವನ್ನು, ಸುಮ್ನೆ ಅಳಿಸಿ.

ಆಮೇಲೆ ನೋಟ್ಸ್. "ಮೂರು ಪದರ" ಸ್ಲೈಡಿನ ಕೆಳಗೆ ಹೀಗಿದೆ ಅಂದುಕೊಳ್ಳಿ:

> ಇಲ್ಲಿ ನೋಡಿ, ಇದು ಮೂರು ಸಲ, ಇದೂ ಮೂರು ಸಲ. (ನಿಲ್ಲು. ಜನ ಊಹಿಸಲಿ. 9 ಅಂತಾರೆ.) 27! ಅದಕ್ಕೇ ಬಿದ್ದಿದ್ದು.

ಇದರಲ್ಲಿ ಮೂರು ಥರದ ಮಾತು ಕಲಸಿಹೋಗಿದೆ. "ನಿಲ್ಲು" ಅನ್ನೋದು ನಿಮಗೆ ನೀವೇ ಕೊಟ್ಟುಕೊಂಡ ಸೂಚನೆ, ತೆಗೆದುಹಾಕಿ. "ಇಲ್ಲಿ", "ಇದು", "ನೋಡಿ" ಅನ್ನೋವು ಪರದೆಯತ್ತ ತೋರಿಸುವ ಬೆರಳು. ಓದುವವರಿಗೆ ಆ ಬೆರಳು ಕಾಣೋದಿಲ್ಲ, ಹಾಗಾಗಿ ಅದು ಏನನ್ನು ತೋರಿಸುತ್ತಿತ್ತೋ ಅದರ ಹೆಸರನ್ನೇ ಬರೆಯಬೇಕು. ಉಳಿದಿದ್ದು ನಿಜವಾದ ವಿಷಯ. ಜನ 9 ಅಂತಾರೆ ಅನ್ನೋದನ್ನು ಮಾತ್ರ ಬಿಡಬೇಡಿ. ಓದುವವರೂ ಮನಸ್ಸಲ್ಲೇ ಅದನ್ನೇ ಲೆಕ್ಕ ಹಾಕ್ತಾರೆ. ತಿದ್ದಿದ ಮೇಲೆ:

> ಬಳಕೆದಾರರು ಒಮ್ಮೆ ಬಟನ್ ಒತ್ತುತ್ತಾರೆ. ಆ್ಯಪ್ ಗೇಟ್‌ವೇಯನ್ನು ಕೇಳುತ್ತದೆ, ಗೇಟ್‌ವೇ ಸರ್ವಿಸನ್ನು, ಸರ್ವಿಸ್ ಡೇಟಾಬೇಸನ್ನು. ಈ ಮೂರರಲ್ಲಿ ಪ್ರತಿಯೊಂದೂ ಮೊದಲನೆಯ ಪ್ರಯತ್ನವೂ ಸೇರಿ ಮೂರು ಸಲ ಪ್ರಯತ್ನಿಸಿ ಕೈಬಿಡುತ್ತದೆ ಎಂದಿಟ್ಟುಕೊಳ್ಳಿ. ಡೇಟಾಬೇಸ್ ಉತ್ತರಿಸದಿದ್ದರೆ ಅದಕ್ಕೆ ಹೋಗುವುದು 9 ಕೋರಿಕೆ ಅಲ್ಲ, 27. ಇಲ್ಲಿ ಸಂಖ್ಯೆಗಳು ಕೂಡುವುದಿಲ್ಲ, ಗುಣಿಸುತ್ತವೆ. ಮೊದಲೇ ಏದುಸಿರು ಬಿಡುತ್ತಿದ್ದ ಡೇಟಾಬೇಸ್ ಇದರಿಂದ ಪೂರ್ತಿ ನಿಂತುಹೋಗುತ್ತದೆ.

ಚಿತ್ರ ಹಾಕದೆಯೂ ಅರ್ಥವಾಯಿತು ಅಲ್ವಾ? ಗ್ರಾಫ್, ಡೆಮೊ ಎಲ್ಲಕ್ಕೂ ಇದೇ ದಾರಿ. ಡೆಮೊದಲ್ಲಿ ಏನು ಟೈಪ್ ಮಾಡಿದಿರಿ, ಏನು ಬಂತು, ಅದರಲ್ಲಿ ಯಾವ ಸಾಲನ್ನು ಗಮನಿಸಬೇಕು, ಇಷ್ಟು ಬರೆದರೆ ಸಾಕು.

ಜಾಸ್ತಿ ಜನ ಎಡವೋದು ಎಲ್ಲಿ ಅಂದರೆ, ಎರಡು ಸ್ಲೈಡ್‌ಗಳ ನಡುವಿನ ಜಾಗದಲ್ಲಿ. ವೇದಿಕೆಯಲ್ಲಿ "ಸರಿ, ಮುಂದೆ" ಅಂದು ಬಟನ್ ಒತ್ತಿದರೆ ಸಾಕು, ಪರದೆ ಬದಲಾಗಿದ್ದೇ ಜನ ನಿಮ್ಮ ಹಿಂದೆ ಬರ್ತಾರೆ. ಬರಹದಲ್ಲಿ ಆ ಜಿಗಿತ ಬರಿಗಣ್ಣಿಗೆ ಕಾಣುತ್ತೆ. ಪರೀಕ್ಷಿಸೋದು ಸುಲಭ: ಎರಡು ಪ್ಯಾರಾ ನಡುವೆ "ಆದರೆ" ಅಥವಾ "ಆದ್ದರಿಂದ" ಇಟ್ಟು ನೋಡಿ. ಯಾವುದೂ ಕೂರದೆ "ಮುಂದೆ" ಅನ್ನೋದು ಮಾತ್ರ ಕೂತರೆ ಅಲ್ಲಿ ಒಂದು ಕೊಂಡಿ ಕಳಚಿದೆ ಅಂತಲೇ ಲೆಕ್ಕ. ನಮ್ಮ ಉದಾಹರಣೆಯಲ್ಲಿ ಬ್ಯಾಕ್‌ಆಫ್ ಅಂದರೆ ಪ್ರತಿ ಸೋಲಿನ ನಂತರ 1, 2, 4 ಸೆಕೆಂಡ್ ಹೀಗೆ ಇನ್ನೂ ಹೆಚ್ಚು ಕಾಯೋದು. ಜಿಟರ್ ಅಂದರೆ ಆ ಕಾಯುವಿಕೆಯನ್ನು ಅಲ್ಲಿಷ್ಟು ಇಲ್ಲಿಷ್ಟು ಏರುಪೇರು ಮಾಡೋದು. ಮೊದಲನೆಯದು ಇದ್ದ ಮೇಲೆ ಎರಡನೆಯದು ಯಾಕೆ ಬೇಕು? ನೋಟ್ಸ್‌ನಲ್ಲಿ ಇದು ಇರೋದಿಲ್ಲ, ನಿಮಗೆ ಎಷ್ಟು ಚೆನ್ನಾಗಿ ಗೊತ್ತು ಅಂದರೆ ಬರೆದಿಟ್ಟುಕೊಳ್ಳೋ ಅಗತ್ಯವೇ ಬಿದ್ದಿರೋದಿಲ್ಲ. "ಆದರೆ ಎಲ್ಲರೂ ಒಂದೇ ಕ್ಷಣಕ್ಕೆ ಸೋತಿದ್ದರೆ ಎಲ್ಲರೂ ಅಷ್ಟಷ್ಟೇ ಕಾದು ಮತ್ತೆ ಒಟ್ಟಿಗೇ ನುಗ್ಗುತ್ತಾರೆ" ಅನ್ನೋ ಒಂದು ಸಾಲು ಹಾಕಿ. ಆಗ ಜಿಟರ್ ತಾನಾಗೇ ಬೇಕು ಅನ್ನಿಸುತ್ತೆ.

ಕ್ರಮವನ್ನೂ ಬದಲಿಸಿ. ಭಾಷಣದಲ್ಲಿ ಉತ್ತರವನ್ನು ಕೊನೆಗೆ ಇಟ್ಟಿರುತ್ತೀರಿ, ಜನ ಎದ್ದು ಹೋಗೋದಿಲ್ಲ ಅನ್ನೋ ಧೈರ್ಯ. ಪೋಸ್ಟ್ ಓದುವವರು ಎದ್ದು ಹೋಗ್ತಾರೆ. ಕೊನೆಯ ಸ್ಲೈಡಿನ ಮಾತನ್ನು ಮೊದಲ ಪ್ಯಾರಾಕ್ಕೆ ತನ್ನಿ: ರೀಟ್ರೈ ಒಂದೇ ಪದರದಲ್ಲಿಡಿ, ಕಾಯುವ ಸಮಯ ಹೆಚ್ಚಿಸುತ್ತಾ ಹೋಗಿ, ಅದರಲ್ಲಿ ಜಿಟರ್ ಸೇರಿಸಿ. ಕತೆ ಆಮೇಲೆ ಬರಲಿ.

ಚಿಕ್ಕದಾಗಿಡಬೇಕು ಅಂದರೆ ಎಲ್ಲವನ್ನೂ ಉಳಿಸೋಕೆ ಹೋಗಬೇಡಿ. 20 ನಿಮಿಷದ ಮಾತನ್ನು ಹಾಗೇ ಇಳಿಸಿದರೆ ಸುಮಾರು 2000 ಪದ ಆಗುತ್ತೆ. 700ಕ್ಕೆ ತರಬೇಕಾದರೆ ಪ್ರತಿ ಪ್ಯಾರಾ ಹಿಂಡೋದಕ್ಕಿಂತ ಒಂದಿಡೀ ಭಾಗ ಕೈಬಿಡೋದು ಒಳ್ಳೆಯದು. ಹಿಂಡಿದರೆ ಎಲ್ಲವೂ ಮತ್ತೆ ನೋಟ್ಸ್ ಥರ ಆಗಿಬಿಡುತ್ತೆ.

ಹಾಕೋ ಮುಂಚೆ ಫೈಲಿನಲ್ಲಿ "ಇಲ್ಲಿ", "ನೋಡಿ", "ಆಗಲೇ ಹೇಳಿದ ಹಾಗೆ", "ಇವತ್ತು", "ಹೋದ ತಿಂಗಳು" ಇವನ್ನೆಲ್ಲ ಹುಡುಕಿ. ದಿನದ ಮಾತಿದ್ದರೆ ತಾರೀಖು ಹಾಕಿ. ಆಮೇಲೆ ಭಾಷಣ ಕೇಳದ ಒಬ್ಬರಿಗೆ ಸ್ಲೈಡ್ ಕೊಡದೆ ಪೋಸ್ಟ್ ಮಾತ್ರ ಕೊಟ್ಟು, 27 ಹೇಗೆ ಬಂತು ಅಂತ ಕೇಳಿ. ಅವರು ಹೇಳಿದರೆ ಹಾಕಬಹುದು, ತಡವರಿಸಿದರೆ ಆ ಪ್ಯಾರಾ ಇನ್ನೂ ಪರದೆಯನ್ನೇ ನಂಬಿಕೊಂಡಿದೆ.

ಸ್ಲೈಡ್‌ಗಳನ್ನೂ ಜೊತೆಗೆ ಕೊಡೋದಾದರೆ ಪಿಡಿಎಫ್ ಕೊಡಿ, ಅದೂ ನೋಟ್ಸ್ ಪುಟಗಳಿಲ್ಲದ್ದು. `.pptx` ಕೊಟ್ಟರೆ ನೋಟ್ಸ್ ಕೂಡ ಒಳಗೇ ಹೋಗುತ್ತೆ, "ಇಲ್ಲಿ ಮ್ಯಾನೇಜರ್ ಜೋಕ್ ಹೇಳು" ಅಂತ ಬರೆದಿಟ್ಟಿದ್ದರೆ ಅದೂ ಸೇರಿ.