ಕಾರಣ ಬೇಡ, ಪಟ್ಟಿ ಸಾಕು

*ಸಂಪಾದಕರೇ, ಮೂರು ವರ್ಷ ಜೊತೆಗಿದ್ದ ಹುಡುಗ ಮತ್ತು ನಾನು ಈಗ ಬೇರೆಯಾಗಿದ್ದೇವೆ. ಅವನು ಬೆಂಗಳೂರಿನಲ್ಲಿದ್ದಾನೆ. ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡ್, ಅಮ್ಮ ಕೊಟ್ಟ ಬೆಳ್ಳಿ ಕುಂಕುಮದ ಭರಣಿ, ಹಾರ್ಡ್ ಡಿಸ್ಕ್ ಅವನ ರೂಮಿನಲ್ಲೇ ಉಳಿದಿವೆ. ಅವನ ಹೆಲ್ಮೆಟ್ಟು, ಪುಸ್ತಕ ನನ್ನ ಹತ್ತಿರ ಇವೆ. ಇಬ್ಬರ ಹೆಸರಿನ ಬ್ಯಾಂಕ್ ಖಾತೆಯಲ್ಲಿ 42,000 ರೂಪಾಯಿ ಇದೆ. ನಾನು ದುಡ್ಡು ಕಟ್ಟುವ ಓಟಿಟಿಯನ್ನು ಅವನು ಈಗಲೂ ನೋಡುತ್ತಿದ್ದಾನೆ. ಜಗಳವಾಗದ ಹಾಗೆ ಹೇಗೆ ಕೇಳಲಿ? ಬರೆದದ್ದನ್ನೆಲ್ಲ ಅಳಿಸುತ್ತಿದ್ದೇನೆ.*
*– ಓದುಗರು, ಎಸ್.ಎಸ್. ಪುರಂ, ತುಮಕೂರು*

ಬರೆದು ಬರೆದು ಅಳಿಸುವುದು ಎಷ್ಟು ಸುಸ್ತು ಅಂತ ಅರ್ಥವಾಗುತ್ತದೆ. ಫೋನ್ ಪಕ್ಕಕ್ಕಿಟ್ಟು, ಯಾವ ವಸ್ತು, ಯಾರ ಕೈಗೆ, ಯಾವ ದಿನದೊಳಗೆ ಅಂತ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. "ನನ್ನ ಸಾಮಾನು ವಾಪಸ್ ಕೊಡು" ಅಂದರೆ "ಯಾವ ಸಾಮಾನು?" ಅಂತ ಬರುತ್ತದೆ. ಅಲ್ಲಿಂದ ಹಳೆಯ ಮಾತೆಲ್ಲ ಶುರುವಾಗುತ್ತದೆ. ಮರುಪ್ರಶ್ನೆಗೆ ಜಾಗವೇ ಇಲ್ಲದ ಹಾಗೆ ಬರೆಯಬೇಕು. ನಾನಾಗಿದ್ದರೆ ಹೀಗೆ ಕಳಿಸುತ್ತಿದ್ದೆ:

"ಹಾಯ್. ನನ್ನ ಮಾರ್ಕ್ಸ್ ಕಾರ್ಡ್ ಫೈಲು, ಬೆಳ್ಳಿ ಭರಣಿ, ಹಾರ್ಡ್ ಡಿಸ್ಕ್ ನಿನ್ನ ರೂಮಿನಲ್ಲಿವೆ. ಈ ತಿಂಗಳ 20ರೊಳಗೆ (ಗೆಳೆಯನ ಹೆಸರು) ಕೈಗೆ ಕೊಟ್ಟರೆ ಸಾಕು, ಅವನ ಹತ್ತಿರ ಮಾತಾಡಿದ್ದೇನೆ. ನಿನ್ನ ಹೆಲ್ಮೆಟ್ಟು, ಪುಸ್ತಕಗಳನ್ನೂ ಅವನಿಗೇ ಕೊಡುತ್ತೇನೆ. ಜಂಟಿ ಖಾತೆಯಲ್ಲಿ 42,000 ಇದೆ. ತಲಾ 21,000 ತೆಗೆದುಕೊಂಡು ಖಾತೆ ಮುಚ್ಚೋಣ. ಅರ್ಜಿಗೆ ಇಬ್ಬರ ಸಹಿಯೂ ಬೇಕು, ನಿನಗೆ ಯಾವ ದಿನ ಆಗುತ್ತದೆ ತಿಳಿಸು. ಓಟಿಟಿ ಪಾಸ್‌ವರ್ಡನ್ನು 20ಕ್ಕೆ ಬದಲಾಯಿಸುತ್ತೇನೆ. ಥ್ಯಾಂಕ್ಸ್."

ಇದರಲ್ಲಿ ಕಾರಣವಿಲ್ಲ, ಕ್ಷಮೆಯಿಲ್ಲ, "ಹೇಗಿದ್ದೀಯ" ಕೂಡ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ, ಕೇಳಿದರೆ ಅವನು ಅದಕ್ಕೇ ಉತ್ತರ ಕೊಡುತ್ತಾನೆ, ಭರಣಿಯ ಮಾತು ಹಿಂದೆ ಬೀಳುತ್ತದೆ. "ಈಗಲಾದರೂ", "ಕೊನೇ ಸಲ ಕೇಳ್ತಿದ್ದೀನಿ", "ನಿನಗೆ ನೆನಪಿದ್ದರೆ" ಇವು ಎಲ್ಲೂ ನುಸುಳಬಾರದು. ಮೂರು ವರ್ಷ "ನೀನು" ಅಂದವರು ಈಗ ಏಕಾಏಕಿ "ನೀವು" ಅಂದರೆ ಅದೂ ಚುಚ್ಚುತ್ತದೆ. ಅವನ ವಸ್ತುಗಳ ಮಾತನ್ನು ನೀವೇ ಎತ್ತಿದ್ದರಿಂದ ಇದು ಕೊಡು-ಕೊಳ್ಳುವ ವ್ಯವಹಾರದ ಹಾಗೆ ಕಾಣುತ್ತದೆ, ಆರೋಪದ ಹಾಗಲ್ಲ. ಮೂಲ ಅಂಕಪಟ್ಟಿ, ಬೆಳ್ಳಿ ಇರುವಾಗ ಕೊರಿಯರ್ ಬೇಡ. ಇಬ್ಬರಿಗೂ ಬೇಕಾದವನ ಕೈಯಲ್ಲಿ ಬರಲಿ.

ಜಾಸ್ತಿ ಎಚ್ಚರ ಬೇಕಿರುವುದು ಖಾತೆಯ ವಿಷಯದಲ್ಲಿ. ಪಾಸ್‌ಬುಕ್ ತೆಗೆದು ನೋಡಿ. "ಐದರ್ ಆರ್ ಸರ್ವೈವರ್" ಅಂತ ಇದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ದುಡ್ಡು ತೆಗೆಯಬಹುದು. ಹಾಗಂತ ಅವನಿಗೆ ಹೇಳದೆ ಪೂರ್ತಿ ತೆಗೆದುಬಿಡಬೇಡಿ. ಬ್ಯಾಂಕ್ ತಡೆಯದಿರಬಹುದು, ಆದರೆ ಆಮೇಲೆ ನ್ಯಾಯ ಕೇಳುವ ಜಾಗದಲ್ಲಿ ನೀವು ನಿಲ್ಲುವುದು ಕಷ್ಟ. ತೆಗೆಯಲು ಒಬ್ಬರು ಸಾಕಾದರೂ, ಖಾತೆ ಮುಚ್ಚುವ ಅರ್ಜಿಗೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕಾಗುತ್ತದೆ. ಅದಕ್ಕೂ ಮೊದಲು ಈ ಖಾತೆಯಿಂದ ತಾನಾಗೇ ಕಡಿತವಾಗುವ ಕಂತು, ವಿಮೆ, ಇದಕ್ಕೆ ಸೇರಿಸಿದ ಯುಪಿಐ ಎಲ್ಲವನ್ನೂ ನಿಮ್ಮ ಸ್ವಂತ ಖಾತೆಗೆ ಬದಲಾಯಿಸಿಕೊಳ್ಳಿ. ಯಾರಿಗಾದರೂ ಕೊಟ್ಟ ಚೆಕ್ ಇನ್ನೂ ನಗದಾಗದೆ ಉಳಿದಿದೆಯಾ ನೋಡಿ. ಉಳಿದ ಚೆಕ್ ಹಾಳೆಗಳನ್ನೂ ಎಟಿಎಂ ಕಾರ್ಡನ್ನೂ ಅರ್ಜಿಯ ಜೊತೆ ಒಪ್ಪಿಸಬೇಕಾಗುತ್ತದೆ.

ಅವನು "ಮಾತಾಡೋಣ, ಒಂದ್ಸಲ ಸಿಗು" ಅಂದರೆ? ಹೋಗಲೇಬೇಕೆಂದಿಲ್ಲ. "ಇದಕ್ಕೆ ಸಿಗುವ ಅಗತ್ಯ ಇಲ್ಲ, 20ರೊಳಗೆ ಕೊಟ್ಟರೆ ಸಾಕು" ಎಂಬ ಒಂದೇ ಸಾಲು ಕಳಿಸಿ. ಉತ್ತರವೇ ಬರದಿದ್ದರೆ ವಾರ ಬಿಟ್ಟು ಅದೇ ಮೆಸೇಜನ್ನು, ಒಂದು ಪದವನ್ನೂ ಖಾರ ಮಾಡದೆ, ಹೊಸ ದಿನಾಂಕ ಹಾಕಿ ಇನ್ನೊಮ್ಮೆ ಕಳಿಸಿ. ಮೂರನೆಯದು ಬೇಡ.

ಆಗಲೂ ಸುಮ್ಮನಿದ್ದರೆ ಬ್ಯಾಂಕಿಗೆ ಬರಹದಲ್ಲಿ ಕೊಡಿ: ಇಬ್ಬರ ನಡುವೆ ತಕರಾರಿದೆ, ಇಬ್ಬರೂ ಸಹಿ ಮಾಡುವವರೆಗೆ ಈ ಖಾತೆಯಿಂದ ಹಣ ಬಿಡಬೇಡಿ. ಇಂಥ ಪತ್ರ ಬಂದರೆ ಬ್ಯಾಂಕುಗಳು ಸಾಮಾನ್ಯವಾಗಿ ವಹಿವಾಟು ತಡೆಹಿಡಿಯುತ್ತವೆ. ನಿಮ್ಮ ಕೈಗೂ ದುಡ್ಡು ಸಿಗುವುದಿಲ್ಲ, ಆದರೆ ಕರಗುವುದೂ ಇಲ್ಲ. ಅಂಕಪಟ್ಟಿಗಾಗಿ "ಕಳೆದುಹೋಗಿದೆ" ಅಂತ ಠಾಣೆಯಲ್ಲಿ ಬರೆದುಕೊಟ್ಟು ನಕಲು ಪ್ರತಿ ಪಡೆಯಿರಿ ಅಂತ ಯಾರಾದರೂ ಹೇಳಿಕೊಡಬಹುದು. ಅದು ಸುಳ್ಳು ಹೇಳಿಕೆ, ನಿಮ್ಮ ತಲೆಗೇ ಬರುತ್ತದೆ. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನೀವು ಕಳಿಸಿದ ಆ ಎರಡು ಮೆಸೇಜುಗಳನ್ನು ಅಲ್ಲಿ ತೋರಿಸಬೇಕಾಗುತ್ತದೆ, ಅಳಿಸಬೇಡಿ.